ಶ್ಯೂರಿಟಿ ಸೈನ್ ಹಾಕುವ ಮುಂಚೆ ಇದನ್ನು ಓದಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ನನ್ನ ಗೆಳೆಯನ 6 ಲಕ್ಷ ಸಾಲಕ್ಕೆ ನಾನು ಶ್ಯೂರಿಟಿ ಹಾಕಿದ್ದೆ. ಸುಮ್ನೆ ಒಂದು ಸೈನ್ ಅಂದುಕೊಂಡಿದ್ದೆ. ಎರಡು ವರ್ಷದ ನಂತರ ಮನೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನನ್ನ ಸಿಬಿಲ್ ವರದಿ ತೋರಿಸಿದರು. ಅವನ ಸಾಲ ನನ್ನ ಹೆಸರಿನ ಕೆಳಗೇ ಇತ್ತು, ಮೂರು ಕಂತು ಬಾಕಿ. ನನಗೆ ಸಾಲ ಸಿಗಲಿಲ್ಲ. ಅವನು ಆಮೇಲೆ ಕಟ್ಟಿದ, ಆದರೆ ತಡವಾದ ತಿಂಗಳುಗಳ ಗುರುತು ವರದಿಯಲ್ಲಿ ಉಳಿದಿದೆ. ಅಲ್ಲಿ 36 ತಿಂಗಳ ಇತಿಹಾಸ ಕಾಣಿಸುತ್ತದೆ.

"ಮೊದಲು ಅವನನ್ನು ಕೇಳಲಿ, ಆಮೇಲೆ ನನ್ನನ್ನು" ಅಂತ ನಾವು ನಂಬುತ್ತೇವೆ ಅಲ್ವಾ? ಕಾನೂನು ಹಾಗಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಶ್ಯೂರಿಟಿದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕು ನೇರ ನಿಮ್ಮ ಮನೆಗೇ ಬರಬಹುದು. ಬಡ್ಡಿಯೂ ಸೇರುತ್ತದೆ. ನೀವು ಕಟ್ಟಿದರೆ ಆ ಹಣವನ್ನು ಗೆಳೆಯನಿಂದ ವಸೂಲು ಮಾಡುವ ಹಕ್ಕಿದೆ ನಿಜ, ಆದರೆ ಅವನ ಕೈ ಖಾಲಿ ಇದ್ದರೆ ಆ ಹಕ್ಕಿನಿಂದ ಏನು ಬರುತ್ತದೆ?

ಹಾಕಲೇಬೇಕಾದರೆ ಒಪ್ಪಂದ ಪತ್ರದ ಒಂದು ಪ್ರತಿ ಇಟ್ಟುಕೊಳ್ಳಿ. ಗ್ಯಾರಂಟಿ ಮೊತ್ತಕ್ಕೆ ಮಿತಿ ಬರೆಸಲು ಆಗುತ್ತಾ ಕೇಳಿ, ಕೆಲವರು ಒಪ್ಪುತ್ತಾರೆ. ಕಂತು ಕಟ್ಟಿದ ರಸೀದಿಯನ್ನು ಪ್ರತಿ ತಿಂಗಳು ಕಳಿಸು ಅಂತ ಗೆಳೆಯನಿಗೆ ಮೊದಲೇ ಹೇಳಿ. ಇದರಲ್ಲಿ ಸಂಕೋಚ ಬೇಡ. ವರ್ಷಕ್ಕೊಮ್ಮೆ ಪೂರ್ತಿ ಸಿಬಿಲ್ ವರದಿ ಉಚಿತವಾಗಿ ಸಿಗುತ್ತದೆ, ತೆಗೆದು ನೋಡಿ. ಸಾಲ ತೀರಿದ ದಿನ ಬ್ಯಾಂಕಿನಿಂದ "ಬಾಕಿ ಇಲ್ಲ" ಎಂಬ ಪತ್ರ ಪಡೆಯಿರಿ, ನಿಮ್ಮ ವರದಿಯಲ್ಲೂ ಆ ಖಾತೆ ಮುಚ್ಚಿದೆಯಾ ನೋಡಿಕೊಳ್ಳಿ.