ಕಾರಣ ಬರೆಯದೆ ಹಿಂದಿರುಗಿದ ಚೆಕ್ಕು ಮತ್ತು 177 ರೂಪಾಯಿ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ಜುಲೈ ತಿಂಗಳೆಂದರೆ ಮಳೆ ಬಿಡುವು ಕೊಟ್ಟಾಗಲೆಲ್ಲ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಸುವ ಕಾಲ. ಮೈಲುತುತ್ತದ ಬೆಲೆಯನ್ನೂ ಔಷಧಿ ಹೊಡೆಯುವವರ ಕೂಲಿಯನ್ನೂ ಕೈಯಲ್ಲಿ ಇಟ್ಟುಕೊಂಡೇ ಇರಬೇಕಾಗುತ್ತದೆ. 2024ರಲ್ಲಿ ಆ ಖರ್ಚಿಗೆಂದೇ ಉಳಿಸಿಕೊಂಡಿದ್ದ ಸ್ವಲ್ಪ ರಾಶಿ ದರ್ಜೆಯ ಅಡಿಕೆಯನ್ನು ಶಿವಮೊಗ್ಗದ ಮಂಡಿಯೊಂದಕ್ಕೆ ಕೊಟ್ಟೆ. ಮಂಡಿಯ ಸಾಹುಕಾರರು ಜುಲೈ 5ರ ದಿನಾಂಕ ಹಾಕಿ 46,300 ರೂಪಾಯಿಯ ಚೆಕ್ಕು ಕೊಟ್ಟರು. 8ನೆಯ ತಾರೀಖು ಸೋಮವಾರ ಅದನ್ನು ನನ್ನ ಬ್ಯಾಂಕಿನ ಕೌಂಟರಿನಲ್ಲಿ ಕಟ್ಟಿ, ಸೀಲು ಹಾಕಿದ ಚಲನ್ನಿನ ತುಂಡನ್ನು ಜೇಬಿಗೆ ಸೇರಿಸಿಕೊಂಡು ಬಂದೆ. ಚೆಕ್ಕನ್ನು ಪೆಟ್ಟಿಗೆಗೆ ಹಾಕದೆ ಕೌಂಟರಿನಲ್ಲೇ ಕೊಡುವುದು ನನ್ನ ಹಳೆಯ ಅಭ್ಯಾಸ, ಈ ಸಲ ಅದು ಉಪಯೋಗಕ್ಕೆ ಬಂತು.

ಮರುದಿನ ಸಂಜೆ ಮೊಬೈಲಿಗೆ ಸಂದೇಶ ಬಂತು. ಚೆಕ್ಕು ಹಿಂದಿರುಗಿದೆ ಎಂದಷ್ಟೇ ಅದರಲ್ಲಿತ್ತು, ಏಕೆ ಎಂದು ಇರಲಿಲ್ಲ. ಖಾತೆಯಿಂದ 150 ರೂಪಾಯಿ ಶುಲ್ಕವೂ ಅದರ ಮೇಲೆ ಶೇಕಡ 18ರಂತೆ ಜಿಎಸ್‌ಟಿ 27 ರೂಪಾಯಿಯೂ ಸೇರಿ 177 ರೂಪಾಯಿ ಕಡಿತವಾಗಿತ್ತು. ಸಾಹುಕಾರರಿಗೆ ಫೋನು ಮಾಡಿದರೆ, "ಖಾತೆಯಲ್ಲಿ ಹಣ ಇತ್ತಲ್ಲ ಮಾರಾಯ್ರೆ, ನಂಗೂ ಶುಲ್ಕ ಹಾಕಿದಾರೆ ನೋಡಿ" ಎಂದರು. ಅವರ ಮಾತನ್ನು ನಂಬುವುದಕ್ಕೂ ನಂಬದಿರುವುದಕ್ಕೂ ಆಗ ನನ್ನ ಬಳಿ ಆಧಾರವಿರಲಿಲ್ಲ. ಚೆಕ್ಕು ಹಿಂದಿರುಗಿದ ಕಾರಣ ಗೊತ್ತಿಲ್ಲದಿದ್ದರೆ ಆಗುವ ಮೊದಲ ಹಾನಿ ಇದೇ: ಇಪ್ಪತ್ತು ವರ್ಷ ವ್ಯವಹಾರ ಮಾಡಿದ ಮನುಷ್ಯನ ಮೇಲೆ ಸುಮ್ಮನೆ ಅನುಮಾನ ಹುಟ್ಟುತ್ತದೆ. ಎರಡನೆಯ ಹಾನಿ ಕಾನೂನಿನದು. ನಿಜವಾಗಿ ಹಣವಿಲ್ಲದೆ ಹಿಂದಿರುಗಿದ್ದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಂತೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಚೆಕ್ಕು ಕೊಟ್ಟವರಿಗೆ ನೋಟಿಸು ಕೊಡಬೇಕು. ಕಾರಣವೇ ತಿಳಿಯದವನು ನೋಟಿಸಿನಲ್ಲಿ ಏನು ಬರೆಯುವುದು?

12ನೆಯ ತಾರೀಖು ಶಾಖೆಗೆ ಹೋದಾಗ ಚೆಕ್ಕನ್ನೂ ಅದರ ಜೊತೆಗೆ ಒಂದು ರಿಟರ್ನ್ ಮೆಮೊವನ್ನೂ ಕೊಟ್ಟರು. ಮೆಮೊದಲ್ಲಿ "ಇತರ ಕಾರಣ" ಎಂಬ ಸಾಲಿಗೆ ಗುರುತು ಹಾಕಿ, ಅದರ ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಸಹಿಯೂ ಇಲ್ಲ, ತಾರೀಖೂ ಇಲ್ಲ. ಕೌಂಟರಿನ ಹುಡುಗ ಸೌಜನ್ಯದಿಂದಲೇ, "ಸಾರ್, ಆ ಕಡೆ ಬ್ಯಾಂಕಿನವರು ವಾಪಸ್ ಕಳಿಸಿದ್ದು, ನೀವು ಅಲ್ಲೇ ಕೇಳ್ಬೇಕು" ಎಂದ. ಸಾಹುಕಾರರು ತಮ್ಮ ಬ್ಯಾಂಕಿನಲ್ಲಿ ಕೇಳಿದರೆ ಅಲ್ಲಿ, "ಚೆಕ್ ಕಟ್ಟಿದ ಬ್ಯಾಂಕಿನಲ್ಲಿ ಕೇಳಲಿ" ಎಂದರಂತೆ. ಎರಡು ಕೌಂಟರುಗಳ ನಡುವೆ ಗ್ರಾಹಕ ಅಲೆಯುವುದು ಇಲ್ಲಿಂದ ಶುರುವಾಗುತ್ತದೆ. ಆದರೆ ಅಲೆಯುವ ಅಗತ್ಯವೇ ಇಲ್ಲ, ಏಕೆಂದರೆ ಚೆಕ್ಕನ್ನು ಹಿಂದಿರುಗಿಸುವ ಬ್ಯಾಂಕು ಒಂದು ಎರಡಂಕಿಯ ಸಂಕೇತವನ್ನು ಹಾಕಿಯೇ ಹಿಂದಿರುಗಿಸುತ್ತದೆ. ಹಣ ಸಾಲದಿದ್ದರೆ 01, ಹೀಗೆ ಪ್ರತಿಯೊಂದು ಕಾರಣಕ್ಕೂ ಒಂದೊಂದು ಅಂಕಿ ಉಂಟು. ಆ ಸಂಕೇತ ನನ್ನ ಬ್ಯಾಂಕಿನ ಗಣಕದಲ್ಲಿ ಬಂದು ಕೂತಿರುತ್ತದೆ. ನಾನು ಕೇಳಬೇಕಾದದ್ದು ನನ್ನ ಬ್ಯಾಂಕನ್ನೇ.

ಅರ್ಜಿ ಬರೆಯುವ ಮೊದಲು ದಾಖಲೆಗೆಂದು ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಚೆಕ್ಕಿನ ಎರಡೂ ಬದಿಯ ಪ್ರತಿ ತೆಗೆಸಿದೆ. ಕಾರಣ ನನಗೆ ಕಂಡದ್ದು ಅಲ್ಲಿಯೇ. ಮೂಲ ಚೆಕ್ಕಿನಲ್ಲಿ ನನ್ನ ಬ್ಯಾಂಕಿನ ನೇರಳೆ ಸೀಲು ಮೊತ್ತದ ಅಂಕಿಗಳ ಮೇಲೆ ಓರೆಯಾಗಿ ಬಿದ್ದಿತ್ತು. ಬಣ್ಣ ಬೇರೆಯಾದ್ದರಿಂದ ಕಣ್ಣಿಗೆ ಅಂಕಿಗಳು ಸ್ಪಷ್ಟವಾಗಿಯೇ ಕಾಣುತ್ತಿದ್ದವು. ಕಪ್ಪು ಬಿಳುಪಿನ ಝೆರಾಕ್ಸಿನಲ್ಲಿ ಮಾತ್ರ ನೇರಳೆಯೂ ಕಪ್ಪಾಗಿ, 46,300ರಲ್ಲಿ ನಡುವಿನ ಎರಡು ಅಂಕಿಗಳು ಮಸಿಯಲ್ಲಿ ಮುಳುಗಿಹೋಗಿದ್ದವು.

ಇದೇಕೆ ಮುಖ್ಯವೆಂದರೆ, ಈಗ ಚೆಕ್ಕಿನ ಕಾಗದ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಚೆಕ್ ಟ್ರಂಕೇಶನ್ ಎಂಬ ವ್ಯವಸ್ಥೆಯಲ್ಲಿ, ಕಟ್ಟಿಸಿಕೊಂಡ ಬ್ಯಾಂಕು ಚೆಕ್ಕನ್ನು ಸ್ಕ್ಯಾನ್ ಮಾಡಿ ಮೂರು ಚಿತ್ರಗಳನ್ನು ಕಳುಹಿಸುತ್ತದೆ: ಮುಂಬದಿಯ ಬೂದುಛಾಯೆಯದೊಂದು, ಮುಂಬದಿಯ ಕಪ್ಪುಬಿಳುಪಿನದೊಂದು, ಹಿಂಬದಿಯ ಕಪ್ಪುಬಿಳುಪಿನದೊಂದು. ಕಾಗದ ಕಟ್ಟಿದ ಶಾಖೆಯ ಕಡೆಯೇ ಉಳಿಯುತ್ತದೆ. ಹಣ ಕೊಡಬೇಕಾದ ಬ್ಯಾಂಕಿನವರು ನೋಡುವುದು ಆ ಚಿತ್ರಗಳನ್ನು ಮಾತ್ರ. ಆದ್ದರಿಂದಲೇ ದಿನಾಂಕ, ಪಡೆಯುವವರ ಹೆಸರು, ಮೊತ್ತ ಮತ್ತು ಸಹಿಯ ಮೇಲೆ ಬೀಳದಂತೆ ಸೀಲು ಹಾಕಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಚೆಕ್ಕು ಕಾರಣವಿಲ್ಲದೆ ಹಿಂದಿರುಗಿದವರು ಮೊದಲು ಹೀಗೊಂದು ಕಪ್ಪುಬಿಳುಪಿನ ಪ್ರತಿ ತೆಗೆಸಿ ನೋಡುವುದು ಒಳ್ಳೆಯದು. ಎರಡು ರೂಪಾಯಿಯ ಖರ್ಚಿನಲ್ಲಿ ಬ್ಯಾಂಕಿನ ಯಂತ್ರ ಏನನ್ನು ಕಂಡಿರಬಹುದು ಎಂಬ ಅಂದಾಜು ಸಿಗುತ್ತದೆ.

ಸಾಹುಕಾರರು ಬೇರೆ ಚೆಕ್ಕು ಕೊಡುತ್ತೇನೆಂದರೂ ನಾನು ಬೇಡವೆಂದೆ. ಹೊಸ ಚೆಕ್ಕು ಪಾಸಾದರೆ ಹಳೆಯದು ಏಕೆ ಹಿಂದಿರುಗಿತು ಎಂಬ ಪ್ರಶ್ನೆಗೆ ಯಾರೂ ಉತ್ತರಿಸುವುದಿಲ್ಲ. ಅಲ್ಲದೆ ಚೆಕ್ಕಿಗೆ ಬರೆದ ದಿನಾಂಕದಿಂದ ಮೂರು ತಿಂಗಳ ಅವಧಿಯಿದ್ದು, ಇನ್ನೂ ಸಾಕಷ್ಟು ಕಾಲವಿತ್ತು.

15ನೆಯ ತಾರೀಖು ಶಾಖಾ ವ್ಯವಸ್ಥಾಪಕರ ಹೆಸರಿಗೆ ಕನ್ನಡದಲ್ಲೇ ಅರ್ಜಿ ಬರೆದೆ. ಮೊದಲು ಬರೆದದ್ದು ಎರಡು ಪುಟವಾಗಿತ್ತು, ಅದರಲ್ಲಿ ಮಳೆ, ಕೂಲಿ, ಹಿಂದೊಮ್ಮೆ ಪಾಸ್‌ಬುಕ್ ಮುದ್ರಿಸದೆ ಕಳುಹಿಸಿದ ಕಥೆ ಎಲ್ಲವೂ ಇದ್ದವು. ಅದನ್ನು ಹರಿದು ಹಾಕಿ, ಉತ್ತರಿಸಲೇಬೇಕಾದ ಪ್ರಶ್ನೆಗಳನ್ನಷ್ಟೇ ಇಟ್ಟುಕೊಂಡೆ. ಅರ್ಜಿಯ ಮುಖ್ಯ ಭಾಗ ಹೀಗಿತ್ತು:

"ದಿನಾಂಕ 8-7-2024ರಂದು ನಾನು ಕಟ್ಟಿದ ಮೇಲ್ಕಂಡ ಚೆಕ್ಕು ಹಿಂದಿರುಗಿದ್ದು, ತಾವು ಕೊಟ್ಟಿರುವ ಮೆಮೊದಲ್ಲಿ ನಿರ್ದಿಷ್ಟ ಕಾರಣವಾಗಲಿ, ಹಿಂದಿರುಗಿದ ದಿನಾಂಕವಾಗಲಿ, ಸಹಿಯಾಗಲಿ ಇರುವುದಿಲ್ಲ. ಹಣ ಕೊಡಬೇಕಾದ ಬ್ಯಾಂಕು ದಾಖಲಿಸಿರುವ ಸಂಕೇತ ಸಂಖ್ಯೆಯನ್ನೂ ಅದರ ವಿವರಣೆಯನ್ನೂ ಸಹಿ ಸಹಿತ ಲಿಖಿತವಾಗಿ ಕೊಡಬೇಕೆಂದು ಕೋರುತ್ತೇನೆ. ಗ್ರಾಹಕನ ತಪ್ಪಿನಿಂದ ಚೆಕ್ಕು ಹಿಂದಿರುಗಿದಾಗ ಮಾತ್ರ ಶುಲ್ಕ ವಿಧಿಸತಕ್ಕದ್ದೆಂದು ರಿಸರ್ವ್ ಬ್ಯಾಂಕಿನ 7-5-2013ರ ಸುತ್ತೋಲೆ ತಿಳಿಸುತ್ತದೆ. ನನ್ನ ತಪ್ಪು ಯಾವುದೆಂದು ತಿಳಿಸಬೇಕು, ಇಲ್ಲವಾದಲ್ಲಿ 177 ರೂಪಾಯಿಯನ್ನು ಹಿಂದಿರುಗಿಸಿ, ಚೆಕ್ಕನ್ನು ತಾವೇ ಮತ್ತೆ ಕ್ಲಿಯರಿಂಗಿಗೆ ಕಳುಹಿಸಬೇಕು."

ಜೊತೆಗೆ ಮೆಮೊ, ಚಲನ್ನಿನ ತುಂಡು ಮತ್ತು ಆ ಝೆರಾಕ್ಸಿನ ಪ್ರತಿಗಳನ್ನು ಲಗತ್ತಿಸಿ, ಮೂಲ ಚೆಕ್ಕನ್ನೂ ಒಪ್ಪಿಸಿದೆ. ನನ್ನ ಪ್ರತಿಯ ಮೇಲೆ ತಾರೀಖು ಸಹಿತ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದಕ್ಕೆ ಮುಕ್ಕಾಲು ಗಂಟೆ ಕಾಯಬೇಕಾಯಿತು. "ಇಟ್ಟು ಹೋಗಿ, ನೋಡ್ತೀವಿ" ಎಂಬ ಮಾತಿಗೆ ಆ ದಿನ ಎದ್ದು ಬಂದಿದ್ದರೆ ಮುಂದೆ ದಿನಗಳನ್ನು ಎಣಿಸುವುದಕ್ಕೆ ನನಗೆ ಆಧಾರವೇ ಇರುತ್ತಿರಲಿಲ್ಲ.

ಆ ಸುತ್ತೋಲೆಯಲ್ಲಿ ಇನ್ನೊಂದು ಮಾತೂ ಇದೆ. ಗ್ರಾಹಕನಿಂದ ಏನೂ ಬೇಕಿಲ್ಲದ ತಾಂತ್ರಿಕ ಕಾರಣಕ್ಕೆ ಚೆಕ್ಕು ಹಿಂದಿರುಗಿದರೆ ಬ್ಯಾಂಕು ತಾನಾಗಿಯೇ ಮುಂದಿನ ಕ್ಲಿಯರಿಂಗಿನಲ್ಲಿ, ರಜೆ ಬಿಟ್ಟು 24 ಗಂಟೆಗಳೊಳಗೆ, ಅದನ್ನು ಮತ್ತೆ ಕಳುಹಿಸಿ, ಹಾಗೆ ಕಳುಹಿಸಿದ್ದನ್ನು ಗ್ರಾಹಕನಿಗೆ ಸಂದೇಶದ ಮೂಲಕ ತಿಳಿಸಬೇಕು. ನನ್ನ ಚೆಕ್ಕು 10ನೆಯ ತಾರೀಖೇ ಮತ್ತೆ ಹೋಗಬೇಕಿತ್ತು. ಅದು ಹೋದದ್ದು ಅರ್ಜಿ ಕೊಟ್ಟು ವಾರವಾದ ಮೇಲೆ, 22ಕ್ಕೆ. ಮರುದಿನ ಹಣ ಜಮೆಯಾಯಿತು.

ಅದೇ 22ರಂದು ಶಾಖೆಯಿಂದ ಎರಡು ಸಾಲಿನ ಉತ್ತರವೂ ಬಂತು. ಚೆಕ್ಕನ್ನು ಎದುರು ಬ್ಯಾಂಕು ಹಿಂದಿರುಗಿಸಿದೆ, ಶುಲ್ಕವನ್ನು ನಿಯಮದಂತೆ ವಿಧಿಸಲಾಗಿದೆ ಎಂದು. ಸಂಕೇತದ ಮಾತೇ ಇರಲಿಲ್ಲ. ಹಣ ಬಂದಾಗಿದೆಯಲ್ಲ, 177 ರೂಪಾಯಿಗೆ ಇನ್ನೂ ಯಾಕೆ ಓಡಾಟ ಎಂದು ಮನೆಯಲ್ಲಿ ಕೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ತೀರ್ಥಹಳ್ಳಿಗೆ ಮೂರು ಸಲ ಹೋಗಿ ಬಂದ ಬಸ್ಸಿನ ಖರ್ಚೇ ಅದನ್ನು ಮೀರಿತ್ತು. ಆದರೆ ಮುಂದಿನ ಹೆಜ್ಜೆಗೆ ಬಸ್ಸು ಬೇಕಿರಲಿಲ್ಲ. 24ರಂದು ಬ್ಯಾಂಕಿನ ಜಾಲತಾಣದಲ್ಲಿದ್ದ, ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಯ ವಿಳಾಸಕ್ಕೆ ಅರ್ಜಿಯನ್ನೂ ಶಾಖೆಯ ಉತ್ತರವನ್ನೂ ಇಮೇಲ್ ಮಾಡಿ, ಮೂರು ಮಾತು ಸೇರಿಸಿದೆ: ಕೇಳಿದ ಕಾರಣವನ್ನು ಶಾಖೆ ಹೇಳಿಲ್ಲ, 11ರಂದು ಸೇರಬೇಕಿದ್ದ ಹಣ 23ಕ್ಕೆ ಸೇರಿದ್ದರಿಂದ ಬ್ಯಾಂಕಿನದೇ ಚೆಕ್ ವಸೂಲಿ ನೀತಿಯಂತೆ 12 ದಿನಗಳ ಉಳಿತಾಯ ಖಾತೆಯ ಬಡ್ಡಿ ಕೊಡಬೇಕು, ದೂರು ಕೊಟ್ಟು 30 ದಿನಗಳಾಗುವ ಆಗಸ್ಟ್ 14ರೊಳಗೆ ಸಮರ್ಪಕ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸುತ್ತೇನೆ. ಆ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಮೊದಲು ಬ್ಯಾಂಕಿಗೇ ಲಿಖಿತವಾಗಿ ದೂರು ಕೊಟ್ಟಿರಬೇಕು. ಮುಕ್ಕಾಲು ಗಂಟೆ ಕಾದು ಪಡೆದ ಸೀಲಿನ ಬೆಲೆ ಇಲ್ಲಿ ತಿಳಿಯಿತು.

ಆಗಸ್ಟ್ 2ರಂದು ಬಂದ ಉತ್ತರದಲ್ಲಿ ಸಂಕೇತವಿತ್ತು: 39. ಅಂದರೆ "ಇಮೇಜ್ ನಾಟ್ ಕ್ಲಿಯರ್, ಪ್ರೆಸೆಂಟ್ ಅಗೇನ್ ವಿತ್ ಪೇಪರ್". ಚಿತ್ರ ಸ್ಪಷ್ಟವಿಲ್ಲ, ಕಾಗದದೊಂದಿಗೆ ಮತ್ತೆ ಕಳುಹಿಸಿ ಎಂದು ಎದುರು ಬ್ಯಾಂಕು ಸ್ಪಷ್ಟವಾಗಿಯೇ ಹೇಳಿತ್ತು, ನಮ್ಮ ಶಾಖೆ ಅದನ್ನು "ಇತರ ಕಾರಣ"ದ ಖಾನೆಗೆ ತಳ್ಳಿತ್ತು. ಗ್ರಾಹಕನ ತಪ್ಪಲ್ಲವೆಂದು ರಿಸರ್ವ್ ಬ್ಯಾಂಕು ಕೊಟ್ಟಿರುವ ಕಾರಣಗಳ ಪಟ್ಟಿಯಲ್ಲಿ ಇದೂ ಒಂದು. ಆದರೂ ಉತ್ತರದ ಕೊನೆಯಲ್ಲಿ, ಚೆಕ್ಕು ಮಳೆಯಲ್ಲಿ ಒದ್ದೆಯಾಗಿದ್ದಿರಬಹುದು ಎಂಬ ಒಂದು ಸಾಲನ್ನು ಸೇರಿಸಿದ್ದರು. ಒದ್ದೆಯಾಗಿದ್ದರೆ ಕೌಂಟರಿನಲ್ಲಿ ತೆಗೆದುಕೊಳ್ಳುವಾಗಲೇ ಹೇಳಬೇಕಿತ್ತು, ಮತ್ತು ಅಂಕಿಗಳನ್ನು ಮುಚ್ಚಿದ್ದು ನೀರಲ್ಲ, ಸೀಲು ಎಂದು ಝೆರಾಕ್ಸಿನ ಚಿತ್ರವನ್ನು ಮತ್ತೊಮ್ಮೆ ಕಳುಹಿಸಿದೆ. ಕಾರಣ ಬೇರೆಯಾಗಿದ್ದರೆ, ಅಂದರೆ ನಾನು ಅವಧಿ ಮುಗಿದ ಚೆಕ್ಕನ್ನು ಕಟ್ಟಿದ್ದರೆ, ಶುಲ್ಕದ ಮಾತನ್ನು ಎತ್ತುವ ಹಕ್ಕು ನನಗಿರುತ್ತಿರಲಿಲ್ಲ. ಕಾರಣವನ್ನು ಮೊದಲು ಕೇಳಿ, ಮರುಪಾವತಿಯನ್ನು ಆಮೇಲೆ ಕೇಳಿದ್ದು ಅದಕ್ಕೇ.

ಆಗಸ್ಟ್ 6ರಂದು ಖಾತೆಗೆ 150 ರೂಪಾಯಿಯೂ ಬಡ್ಡಿಯೆಂದು ಸುಮಾರು 46 ರೂಪಾಯಿಯೂ ಬಂದವು. 46,300ಕ್ಕೆ ಶೇಕಡ 3ರ ದರದಲ್ಲಿ 12 ದಿನಕ್ಕೆ ಲೆಕ್ಕ ಹಾಕಿದರೆ ಅಷ್ಟೇ ಆಗುತ್ತದೆ. ಜಿಎಸ್‌ಟಿಯ 27 ರೂಪಾಯಿ ಬಂದಿರಲಿಲ್ಲ. ಶುಲ್ಕವೇ ತಪ್ಪಾದ ಮೇಲೆ ಅದರ ಮೇಲಿನ ತೆರಿಗೆ ಹೇಗೆ ಉಳಿಯುತ್ತದೆ ಎಂದು ಒಂದು ಸಾಲು ಬರೆದದ್ದಕ್ಕೆ, 13ರಂದು ಅದೂ ಜಮೆಯಾಯಿತು.

ನೋಡಲ್ ಅಧಿಕಾರಿಯ ಉತ್ತರದ ಒಂದು ಪ್ರತಿಯನ್ನು ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಸಾಹುಕಾರರಿಗೆ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ತಮ್ಮ ಖಾತೆಯಿಂದ ಕಡಿತವಾಗಿದ್ದ ಶುಲ್ಕಕ್ಕೆ ಅರ್ಜಿ ಬರೆಯಲು ಗುಮಾಸ್ತನನ್ನು ಕರೆದರು.