ದಾರಿಯಲ್ಲಿದ್ದ ಮಾಲು ಯಾವ ವರ್ಷದ್ದು? ಕಟ್‌ಆಫ್ ಹಿಡಿದ ನನ್ನ ಅನುಭವ

ಈ ಸಲದ ವರ್ಷಾಂತ್ಯದ ಸ್ಟಾಕ್ ಎಣಿಕೆಯಲ್ಲಿ ಕಟ್‌ಆಫ್, ಅಂದರೆ ಯಾವ ಮಾಲು ಯಾವ ವರ್ಷದ ಲೆಕ್ಕಕ್ಕೆ ಎಂಬುದರ ಬಗ್ಗೆ ಆಡಿಟರ್ ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೂ ಉತ್ತರ ಫೈಲಿನಲ್ಲೇ ಇತ್ತು. ಹಿಂದೆಲ್ಲ ಇದೇ ವಿಷಯಕ್ಕೆ ಪುಟಗಟ್ಟಲೆ ಪ್ರಶ್ನೆ ಬರುತ್ತಿದ್ದವು, ಕೊನೇ ಗಳಿಗೆಯಲ್ಲಿ ಲಾಭ ಹತ್ತು ಹನ್ನೆರಡು ಲಕ್ಷ ಅತ್ತಿತ್ತ ಆಗುತ್ತಿತ್ತು. "ವಾಚ್‌ಮನ್ ಬರೆಯೋ ರಿಜಿಸ್ಟರ್ ಇಟ್ಟುಕೊಂಡು ಅಕೌಂಟ್ಸ್ ಕ್ಲೋಸ್ ಮಾಡ್ತೀರಾ ಸರ್?" ಎಂದು ಸ್ಟೋರ್ಸ್‌ನವರು ನಕ್ಕಿದ್ದರು. ಹೌದು, ಅದನ್ನೇ ಇಟ್ಟುಕೊಂಡು ಮಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳ ಕಥೆ. ಎಲ್ಲರೂ ಹೇಳುವುದು, ಎಣಿಕೆಗೆ ಮುಂಚೆ ಎರಡು ದಿನ ಗೇಟ್ ಮುಚ್ಚಿ ಅಂತ. ಒಂದು ವರ್ಷ ಮುಚ್ಚಿದೆವು. ಮುಚ್ಚುತ್ತಾರೆ ಎಂದು ಗೊತ್ತಾದ ಸಪ್ಲೈಯರ್‌ಗಳು ಹಿಂದಿನ ದಿನವೇ ಮಾಲು ತಂದು ಸುರಿದರು. ಜಿಆರ್‌ಎನ್, ಅಂದರೆ ಮಾಲು ಪಡೆದದ್ದಕ್ಕೆ ಸ್ಟೋರ್ಸ್ ಹಾಕುವ ರಸೀದಿ, ಆಗದ ರಾಶಿ ರಿಸೀವಿಂಗ್ ಬೇಯಲ್ಲಿ ಬಿತ್ತು. ತಡವಾಗಿ ಬಂದ ಲಾರಿಗಳು ಹೊರಗೆ ನಿಂತವು, ಕಾಯಿಸಿದ್ದಕ್ಕೆ ಟ್ರಾನ್ಸ್‌ಪೋರ್ಟರ್‌ಗಳು ಹಾಕಿದ ಬಿಲ್ಲೇ ಅರವತ್ತು ಎಪ್ಪತ್ತು ಸಾವಿರ ಆಯಿತು. ಇಷ್ಟೆಲ್ಲ ಮಾಡಿದರೂ ಸಮುದ್ರದ ಮೇಲಿದ್ದ ಮಾಲಿಗೆ ನಮ್ಮ ಗೇಟ್ ಮುಚ್ಚಿದರೇನು, ತೆಗೆದರೇನು?

ಆಮೇಲೆ ಇನ್ವಾಯ್ಸ್ ದಿನಾಂಕ ಹಿಡಿದು ನೋಡಿದೆವು. ಅದು ಇನ್ನೂ ಕೆಟ್ಟದ್ದು. ಸಪ್ಲೈಯರ್‌ಗೂ ವರ್ಷಾಂತ್ಯದ ಟಾರ್ಗೆಟ್ ಇರುತ್ತದೆ. ಬಿಲ್ ಇಂದು ಹರಿದು, ಮಾಲು ಮುಂದಿನ ವಾರ ಹೊರಡಿಸುತ್ತಾನೆ. ಬಿಲ್ ನಮ್ಮ ಖರೀದಿಯಲ್ಲಿ ಕೂತಿರುತ್ತದೆ, ಮಾಲು ಅವನ ಗೋದಾಮಿನಲ್ಲಿ ಕೂತಿರುತ್ತದೆ, ನಮ್ಮ ಲಾಭ ಅಷ್ಟರ ಮಟ್ಟಿಗೆ ಕುಸಿದಿರುತ್ತದೆ.

ಇನ್ನೊಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಒಂದು ವಾರ ಮೊದಲೇ ಎಣಿಸಿ, ಆ ವಾರದ ಒಳಬಂದದ್ದು ಹೊರಹೋದದ್ದು ಕೂಡಿ ಕಳೆದು ವರ್ಷಾಂತ್ಯದ ಸ್ಟಾಕ್ ತರುವುದು. ನಿಧಾನವಾಗಿ ಓಡುವ ಐಟಂಗಳಿಗೆ ಚೆನ್ನಾಗಿಯೇ ಬಂತು. ದಿನಾ ಓಡುವ ಮಾಲಿಗೆ ಮಾತ್ರ, ಯಾವ ಜಿಆರ್‌ಎನ್ ತಪ್ಪುಗಳನ್ನು ಹಿಡಿಯಲು ಎಣಿಸುತ್ತಿದ್ದೆವೋ ಅದೇ ತಪ್ಪುಗಳು ಆ ಒಂದು ವಾರದಲ್ಲಿ ಮತ್ತೆ ಒಳಗೆ ಬಂದವು. ಸ್ಪೇರ್ ಪಾರ್ಟ್ಸ್‌ಗೆ ಈಗಲೂ ಹಾಗೇ ಮಾಡುತ್ತೇನೆ, ಉಳಿದದ್ದಕ್ಕೆ ಬಿಟ್ಟಿದ್ದೇನೆ.

ಈಗ ಮಾಡುವುದು ಇಷ್ಟು. ವರ್ಷದ ಕೊನೇ ದಿನ ಸಂಜೆ ಗೇಟ್ ರಿಜಿಸ್ಟರ್‌ನಲ್ಲಿ ಕೊನೆಯ ಎಂಟ್ರಿಯ ಕೆಳಗೆ ಕೆಂಪು ಗೆರೆ ಎಳೆಸುತ್ತೇನೆ. ಸೆಕ್ಯುರಿಟಿ, ಸ್ಟೋರ್ಸ್, ನಾನು, ಮೂವರೂ ಸಹಿ ಹಾಕಿ ಪುಟದ ಫೋಟೋ ತೆಗೆಯುತ್ತೇವೆ. ಅದೇ ಹೊತ್ತಿಗೆ ಕೊನೆಯ ಜಿಆರ್‌ಎನ್, ಕೊನೆಯ ಡೆಲಿವರಿ ಚಲನ್, ಕೊನೆಯ ಸೇಲ್ಸ್ ಇನ್ವಾಯ್ಸ್, ಕೊನೆಯ ಬ್ರಾಂಚ್ ಟ್ರಾನ್ಸ್‌ಫರ್ ನಂಬರ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ನಂಬರ್ ಬರೆದುಕೊಳ್ಳುವುದು ಎಲ್ಲರಿಗೂ ಗೊತ್ತಿರುವುದೇ. ನಾನು ಬೇರೆ ಮಾಡಿದ್ದು, ಜಿಆರ್‌ಎನ್ ಬದಲು ಗೇಟ್ ಎಂಟ್ರಿಯಿಂದ ಲೆಕ್ಕ ಶುರು ಮಾಡಿದ್ದು. ಜಿಆರ್‌ಎನ್ ಅನ್ನು ಸ್ಟೋರ್ಸ್‌ನವರು ಬಿಡುವಾದಾಗ ಹಾಕುತ್ತಾರೆ. ವಾಚ್‌ಮನ್ ಮಾತ್ರ ಗಾಡಿ ಬಂದ ಗಳಿಗೆಯಲ್ಲೇ ಬರೆಯುತ್ತಾನೆ, ಅವನಿಗೆ ನಮ್ಮ ಲಾಭ ನಷ್ಟದ ಗೊಡವೆಯಿಲ್ಲ.

ಗೆರೆಯ ಮೇಲಿನ ಕೊನೆಯ ಒಂದು ವಾರದ ಪ್ರತಿ ಗೇಟ್ ಎಂಟ್ರಿಗೂ ಜಿಆರ್‌ಎನ್ ಹುಡುಕುತ್ತೇನೆ, ಪ್ರತಿ ಜಿಆರ್‌ಎನ್‌ಗೂ ಖರೀದಿ ಬಿಲ್ ಹುಡುಕುತ್ತೇನೆ. ಗೆರೆಯ ಕೆಳಗೆ, ಹೊಸ ವರ್ಷದ ಮೊದಲ ಮೂರು ವಾರಗಳಲ್ಲಿ ಬಂದ ಗಾಡಿಗಳಲ್ಲಿ ಎಲ್‌ಆರ್, ಅಂದರೆ ಮಾಲು ಹೊರಡುವಾಗ ಟ್ರಾನ್ಸ್‌ಪೋರ್ಟರ್ ಕೊಡುವ ರಸೀದಿಯ, ದಿನಾಂಕ ಹಳೇ ವರ್ಷದ್ದಾಗಿರುವವನ್ನು ಬೇರೆ ಮಾಡುತ್ತೇನೆ. ಸಾಗಣೆಯಲ್ಲಿದ್ದ ಮಾಲಿನ ಪಟ್ಟಿ ಹುಟ್ಟುವುದು ಅಲ್ಲಿಂದ. ಹಡಗಿನ ಮಾಲಿಗೆ ಮೂರು ವಾರ ಸಾಲದು, ಅದಕ್ಕೆ ತೆರೆದಿರುವ ಪಿಒಗಳ, ಅಂದರೆ ಮಾಲು ಇನ್ನೂ ಬಾರದ ಖರೀದಿ ಆರ್ಡರ್‌ಗಳ, ಪಟ್ಟಿಯೇ ಬೇಕು.

ಈ ಪಟ್ಟಿಯ ಪ್ರತಿ ಸಾಲಿಗೂ ಎರಡು ಪ್ರಶ್ನೆ: ಎಣಿಕೆಯಲ್ಲಿ ಬಂದಿದೆಯೇ? ಖರೀದಿಯಲ್ಲಿ ಬಂದಿದೆಯೇ? ಎರಡಕ್ಕೂ ಒಂದೇ ಉತ್ತರವಾದರೆ ಲಾಭ ಕೆಡುವುದಿಲ್ಲ. ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎಂದಾದರೆ ಮಾಲಿನ ಪೂರ್ತಿ ಬೆಲೆ ಲಾಭದಲ್ಲಿ ಏರುತ್ತದೆ ಇಲ್ಲವೇ ಇಳಿಯುತ್ತದೆ. ಈ ಸಲ ಸಿಕ್ಕಿದ್ದು ಒಂದು ಲೋಡ್ ಡ್ರಮ್ಮುಗಳು. ಕೊನೇ ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಗಾಡಿ ಒಳಬಂದು ಮಾಲು ಇಳಿದಿತ್ತು, ಎಣಿಕೆ ತಂಡ ಎಣಿಸಿಯೂ ಇತ್ತು. ಜಿಆರ್‌ಎನ್ ಬಿದ್ದದ್ದು ಮರುದಿನ ಬೆಳಗ್ಗೆ. ಸಿಸ್ಟಂ ಪ್ರಕಾರ ಅದು ಹೊಸ ವರ್ಷದ ಖರೀದಿ, ನೆಲದ ಮೇಲೆ ಹಳೇ ವರ್ಷದ ಸ್ಟಾಕ್. ಬಿಟ್ಟಿದ್ದರೆ ಮೂರೂವರೆ ಲಕ್ಷದಷ್ಟು ಇಲ್ಲದ ಲಾಭ ತೋರುತ್ತಿತ್ತು. ಎಣಿಕೆಯಲ್ಲಿ ಹೆಚ್ಚುವರಿ ಸ್ಟಾಕ್ ಸಿಕ್ಕಿತೆಂದು ಯಾರಾದರೂ ಖುಷಿಯಾಗಿ ಅಡ್ಜಸ್ಟ್‌ಮೆಂಟ್ ಹಾಕಲು ಹೊರಟರೆ ನಾನು ಮೊದಲು ಗೇಟ್ ರಿಜಿಸ್ಟರ್ ತರಿಸುವುದು ಇದಕ್ಕೇ.

ಅಂಗಳದಲ್ಲಿ ನಿಂತಿದ್ದು ಇನ್ನೂ ಇಳಿಸದ ಗಾಡಿಯ ಬಗ್ಗೆ ಪ್ರತಿ ವರ್ಷ ಜಗಳ. ಪಿಒದಲ್ಲಿ ಡೆಲಿವರಿ ಷರತ್ತು ಡಿಎಪಿ ಎಂದಿದ್ದರೆ, ಮಾಲು ನಮ್ಮ ಜಾಗಕ್ಕೆ ಬಂದು ಇಳಿಸಲು ಸಿದ್ಧವಾಗಿ ನಿಂತರೆ ಡೆಲಿವರಿ ಆದಂತೆ, ಗಾಡಿಯ ಮೇಲೇ ಎಣಿಸಬೇಕು. ಡಿಪಿಯು ಎಂದಿದ್ದರೆ ಇಳಿಸಿದ ಮೇಲಷ್ಟೇ ನಮ್ಮದು. ಎರಡಕ್ಷರದ ವ್ಯತ್ಯಾಸಕ್ಕೆ ಒಂದು ಲೋಡ್ ಆಚೆ ಈಚೆ ಆಗುತ್ತದೆ.

ದೊಡ್ಡ ಮೊತ್ತ ಸಿಕ್ಕಿಕೊಂಡಿದ್ದು ಆಮದಿನಲ್ಲಿ. ಒಬ್ಬನೇ ಸಪ್ಲೈಯರ್, ಎರಡು ಕನ್ಸೈನ್‌ಮೆಂಟ್, ಎರಡೂ ಸಿಐಎಫ್ ಷರತ್ತಿನವು. ಒಂದು ಸುಮಾರು 42 ಲಕ್ಷ, ಇನ್ನೊಂದು 18 ಲಕ್ಷದ ಆಸುಪಾಸು. ಪರ್ಚೇಸ್‌ನವರ ವಾದ ಸರಳ: "ನಮ್ಮ ಬಂದರಿನವರೆಗೆ ಬಾಡಿಗೆ ಅವರದು, ಇನ್ಶೂರೆನ್ಸ್ ಅವರದು. ಬಂದಿಳಿಯೋವರೆಗೆ ಮಾಲೂ ಅವರದೇ ಅಲ್ವಾ?" ಕೇಳಲು ಸರಿಯೆನಿಸುತ್ತದೆ, ಆದರೆ ಅಲ್ಲ. ಸಿಐಎಫ್‌ನಲ್ಲಿ ಖರ್ಚು ಕೊಡುವವನು ಮಾರುವವನೇ ಆದರೂ ರಿಸ್ಕ್ ನಮ್ಮ ತಲೆಗೆ ಬರುವುದು ಅಲ್ಲಿನ ಬಂದರಿನಲ್ಲಿ ಹಡಗಿಗೆ ಏರಿದ ಕೂಡಲೇ, ಥೇಟ್ ಹಡಗಿನ ಬಾಡಿಗೆ ನಾವೇ ಕೊಡುವ ಎಫ್‌ಒಬಿಯ ಹಾಗೆ. ನಡುದಾರಿಯಲ್ಲಿ ಹಾಳಾದರೆ ಅವನು ಕಟ್ಟಿದ ಇನ್ಶೂರೆನ್ಸ್‌ನಿಂದ ಕ್ಲೇಮ್ ಮಾಡುವವರು ನಾವೇ. ಒಡೆತನ ಯಾವಾಗ ದಾಟುತ್ತದೆ ಎಂದು ಈ ಮೂರಕ್ಷರಗಳು ಹೇಳುವುದಿಲ್ಲ, ಅದು ಕಾಂಟ್ರಾಕ್ಟ್‌ನಲ್ಲಿರುತ್ತದೆ. ಅದಕ್ಕೆ ಪಿಒದ ಜತೆ ಕಾಂಟ್ರಾಕ್ಟನ್ನೂ ತೆಗೆಸಿ ಓದಿದೆ. ಹಣ ಪೂರ್ತಿ ಕೊಡುವವರೆಗೆ ಮಾಲು ತನ್ನದೇ ಎಂಬಂಥ ಷರತ್ತು ಅದರಲ್ಲಿರಲಿಲ್ಲ.

ಆಮೇಲೆ ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿನವರು ಕೊಡುವ ಸಾಗಣೆ ಕಾಗದ. ಮೊದಲ ಕನ್ಸೈನ್‌ಮೆಂಟ್ ವರ್ಷಾಂತ್ಯಕ್ಕೆ ಐದು ದಿನ ಮುಂಚೆ ಹಡಗಿಗೆ ಏರಿತ್ತು, ಅದರಲ್ಲಿ ತಕರಾರಿಲ್ಲ. ಎರಡನೆಯದರ ಬಿಲ್ ಆಫ್ ಲೇಡಿಂಗ್ ದಿನಾಂಕ ವರ್ಷದ ಕೊನೆಯ ದಿನಕ್ಕೆ ಒಂದು ದಿನ ಮೊದಲಿನದು. ನಮ್ಮ ಹುಡುಗರು ಅದನ್ನೂ ಪಟ್ಟಿಗೆ ಸೇರಿಸಿದ್ದರು. ಕಾಗದವನ್ನು ಪೂರ್ತಿ ಓದಿದರೆ ಮೇಲೆ ಇದ್ದದ್ದು ಮಾಲು ಸಾಗಿಸಲು ಪಡೆದುಕೊಂಡಿದ್ದೇವೆ ಎಂಬ ಮಾತಷ್ಟೇ. ಕೆಳಗೆ ಮೂಲೆಯಲ್ಲಿ ಹಡಗಿಗೆ ಏರಿಸಿದ ಬಗ್ಗೆ ಬೇರೆಯೇ ಸೀಲ್, ಅದರ ದಿನಾಂಕ ಹೊಸ ವರ್ಷದ ಎರಡನೇ ದಿನ. ಅಂದರೆ ವರ್ಷ ಮುಗಿಯುವಾಗ ಆ ಕಂಟೇನರ್ ಬಂದರಿನ ಯಾರ್ಡಿನಲ್ಲಿತ್ತು, ರಿಸ್ಕ್ ಇನ್ನೂ ಮಾರುವವನದು. 42 ಒಳಗೆ, 18 ಹೊರಗೆ. ಅದೇ ಆರ್ಡರ್ ಎಫ್‌ಸಿಎ ಆಗಿದ್ದು, ಸಾಗಿಸುವವನಿಗೆ ಆ ಟರ್ಮಿನಲ್‌ನಲ್ಲಿ ಒಪ್ಪಿಸುವುದೆಂದು ಇದ್ದಿದ್ದರೆ, ಒಪ್ಪಿಸಿದ ದಿನವೇ ನಮ್ಮದಾಗುತ್ತಿತ್ತು, 18 ಕೂಡ ಒಳಗೆ ಬರುತ್ತಿತ್ತು. ಆಡಿಟರ್ ಕೇಳಿದ ಆ ಒಂದು ಪ್ರಶ್ನೆ ಇದೇ 18ರ ಬಗ್ಗೆ.

ಈ 42 ಲಕ್ಷ ಎಣಿಕೆಯಲ್ಲೂ ಇರಲಿಲ್ಲ, ಖರೀದಿಯಲ್ಲೂ ಇರಲಿಲ್ಲ, ಹಾಗಾಗಿ ಲಾಭಕ್ಕೆ ಏಟಿಲ್ಲ. "ಹಾಗಿದ್ದ ಮೇಲೆ ಯಾಕೆ ತಲೆಬಿಸಿ?" ಎಂದರು ನಮ್ಮ ಫೈನಾನ್ಸ್ ಹೆಡ್. ಹಾಗೇ ಬಿಟ್ಟರೆ ಸ್ಟಾಕ್ 42 ಲಕ್ಷ ಕಡಿಮೆ, ಕೊಡಬೇಕಾದ ಸಾಲವೂ ಕಡಿಮೆ ತೋರುತ್ತದೆ, ಬ್ಯಾಂಕಿನವರು ನೋಡುವ ಅನುಪಾತಗಳು ಇದ್ದುದಕ್ಕಿಂತ ಚೆಂದ ಕಾಣುತ್ತವೆ. ಜೊತೆಗೆ ವಿದೇಶಿ ಕರೆನ್ಸಿಯ ಸಾಲ ಪುಸ್ತಕದಲ್ಲೇ ಇಲ್ಲದಿದ್ದರೆ ವರ್ಷಾಂತ್ಯದ ದರಕ್ಕೆ ತಿರುಗಿಸುವುದು ಯಾವುದನ್ನು? ಹಡಗಿಗೆ ಏರಿದ ದಿನದ ದರದಲ್ಲಿ ಸಾಗಣೆಯಲ್ಲಿರುವ ಮಾಲು ಡೆಬಿಟ್, ಸಪ್ಲೈಯರ್ ಕ್ರೆಡಿಟ್ ಮಾಡಿದೆ. ವರ್ಷಾಂತ್ಯದಲ್ಲಿ ಸಪ್ಲೈಯರ್ ಬಾಕಿಯನ್ನು ಮಾತ್ರ ಹೊಸ ದರಕ್ಕೆ ತಂದೆ, ಅಂದಾಜು ಅರವತ್ತು ಸಾವಿರ ವ್ಯತ್ಯಾಸ ಲಾಭ ನಷ್ಟಕ್ಕೆ ಹೋಯಿತು. ಸ್ಟಾಕಿನ ಬೆಲೆ ಮುಟ್ಟುವಂತಿಲ್ಲ. ಇನ್ನೂ ಬಾರದ ಕಸ್ಟಮ್ಸ್ ಸುಂಕವನ್ನು ಅಂದಾಜು ಮಾಡಿ ಮೇಲೆ ಸೇರಿಸಲು ಒಬ್ಬರು ಹೊರಟಿದ್ದರು, ತಡೆದೆ.

ಮಾಲು ಬಂದ ದಿನ ಇನ್ನೊಂದು ಬಲೆ ಇದೆ. ಸ್ಟೋರ್ಸ್‌ನವರು ಮಾಮೂಲಿನಂತೆ ಜಿಆರ್‌ಎನ್ ಹಾಕಿದರೆ ಸಿಸ್ಟಂ ಮತ್ತೆ ಹೊಸ ಸಾಲ ಹುಟ್ಟಿಸುತ್ತದೆ, 42 ಎರಡು ಸಲ. ಹಿಂದೆ ವರ್ಷದ ಮೊದಲ ದಿನ ಎಂಟ್ರಿ ರಿವರ್ಸ್ ಮಾಡುತ್ತಿದ್ದರು. ಲಾಭಕ್ಕೆ ಅದು ಸರಿಯೇ, ಆದರೆ ಹಡಗು ಬರುವವರೆಗೆ ಸಾಲ ಮಾಯವಾಗಿರುತ್ತದೆ. ನಾನು ಸಾಗಣೆ ಎಂಬ ಹೆಸರಿನಲ್ಲೇ ಒಂದು ಲೊಕೇಶನ್ ತೆರೆದು ಮಾಲನ್ನು ಮೊದಲೇ ಅಲ್ಲಿಗೆ ಸ್ವೀಕರಿಸುತ್ತೇನೆ. ಬಂದ ಮೇಲೆ ಲೊಕೇಶನ್ ಬದಲಾವಣೆ ಮಾತ್ರ.

ಮಾರಾಟದ ಕಡೆ ಇದರ ತಿರುಗುಮುರುಗು. ಗಿರಾಕಿಯ ಬಾಗಿಲಿಗೆ ಮುಟ್ಟಿಸುವ ಷರತ್ತಿನ ಒಂದು ಲೋಡ್, ಬಿಲ್ 9 ಲಕ್ಷ, ವರ್ಷಾಂತ್ಯದ ರಾತ್ರಿ ರಸ್ತೆಯಲ್ಲಿತ್ತು. ಗಿರಾಕಿ ಸಹಿ ಹಾಕಿದ ಎಲ್‌ಆರ್ ಕಾಪಿಯ ದಿನಾಂಕ ಹೊಸ ವರ್ಷದ್ದು. ಮಾರಾಟ ತೆಗೆದು, ಅಸಲಿನ ಬೆಲೆ ಆರೂವರೆ ಲಕ್ಷಕ್ಕೆ ಸ್ಟಾಕ್ ಸೇರಿಸಿದೆ. 9ಕ್ಕೇ ಸೇರಿಸಿದರೆ ಮಾರದ ಮಾಲಿನ ಲಾಭ ಹಿಂಬಾಗಿಲಿನಿಂದ ಬಂದಂತೆ. ಸೇಲ್ಸ್‌ನವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಪಟ್ಟಿಯಲ್ಲಿ ಬಿಟ್ಟುಹೋದದ್ದು ಇದೆಯೇ ಎಂದು ನೋಡಲು ಮುಂದಿನ ತಿಂಗಳು ಬರುವ ಟ್ರಾನ್ಸ್‌ಪೋರ್ಟರ್ ಬಿಲ್‌ಗಳನ್ನು ತಿರುವಿಹಾಕುತ್ತೇನೆ. ಅದರಲ್ಲಿ ಎಲ್‌ಆರ್ ದಿನಾಂಕ ಸಾಲುಸಾಲಾಗಿ ಇರುತ್ತದೆ, ಸಾಗಿಸಿದವನು ತನ್ನ ದುಡ್ಡು ಬಿಡುವುದಿಲ್ಲ. ಪರ್ಚೇಸ್‌ನವರು ಪಿಒ ಇಲ್ಲದೆ ಫೋನಿನಲ್ಲೇ ಹೇಳಿ ತರಿಸಿದ ಮಾಲನ್ನು ಪತ್ತೆ ಹಚ್ಚುವ ಉಪಾಯವೂ ಒಂದಿದೆ. ಅದನ್ನು ಇಲ್ಲಿ ಬರೆದರೆ ಮುಂದಿನ ವರ್ಷ ಕೆಲಸ ಮಾಡುವುದಿಲ್ಲ.

ಬ್ರಾಂಚ್‌ನಿಂದ ಬ್ರಾಂಚ್‌ಗೆ ಹೋಗುವ ಮಾಲಿಗೂ ಅದೇ ಸಾಗಣೆ ಲೊಕೇಶನ್. ಕಳಿಸಿದವರ ಎಣಿಕೆಯಲ್ಲೂ ಇಲ್ಲ, ಪಡೆಯುವವರಲ್ಲೂ ಇಲ್ಲ, ಆದರೂ ಅದು ನಮ್ಮದೇ. ವರ್ಷಾಂತ್ಯದಲ್ಲಿ ಆ ಲೊಕೇಶನ್ ಬಾಕಿ, ದಾರಿಯಲ್ಲಿರುವ ಗಾಡಿಗಳ ಗೇಟ್‌ಪಾಸ್ ಪಟ್ಟಿಗೆ ಸಾಲುಸಾಲಿಗೆ ಹೊಂದಬೇಕು. ಈ ಸಲ ಒಂದೂಕಾಲು ಲಕ್ಷದಷ್ಟು ಹೊಂದಲಿಲ್ಲ. ತಿಂಗಳುಗಳ ಹಿಂದೆ ಹೊರಟ ಮಾಲು, ಯಾವ ಲಾರಿಯೂ ಅಷ್ಟು ದಿನ ದಾರಿಯಲ್ಲಿರುವುದಿಲ್ಲ. ವಿಚಾರಿಸಿದರೆ ಹೆಚ್ಚಿನ ಪಾಲು ಬಂದು ಸ್ವೀಕಾರ ಹಾಕದೆ ಬಿಟ್ಟದ್ದು, ಉಳಿದದ್ದು ನಿಜವಾಗಿಯೂ ಕಮ್ಮಿ ಬಂದದ್ದು. ಮೊದಲನೆಯದು ಆ ಬ್ರಾಂಚ್‌ನ ಎಣಿಕೆಯಲ್ಲಿ ಹೆಚ್ಚುವರಿ ಎಂದು ಆಗಲೇ ಬಂದಿತ್ತು, ಅಲ್ಲಿಗೆ ವರ್ಗಾಯಿಸಿದೆ. ಎರಡನೆಯದನ್ನು ನಷ್ಟಕ್ಕೆ ಬರೆದು ಟ್ರಾನ್ಸ್‌ಪೋರ್ಟರ್‌ಗೆ ಕ್ಲೇಮ್ ಪತ್ರ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.