ಎರಡು ಹಾರ್ಡ್ ಡಿಸ್ಕ್, ಒಂದು ಲ್ಯಾಪ್‌ಟಾಪ್: ಫುಟೇಜ್ ಕಾಪಾಡಿಕೊಳ್ಳುವುದು ಹೇಗೆ?

ಸ್ವಂತ ದುಡ್ಡಿನಲ್ಲಿ ಸಾಕ್ಷ್ಯಚಿತ್ರ ಮಾಡುವವರಿಗೆ ಎಷ್ಟು ಹಾರ್ಡ್ ಡಿಸ್ಕ್ ಕೊಂಡರೂ ಸಾಲದು ಅನ್ನಿಸುವುದುಂಟು. ಎಲ್ಲ ಫೈಲನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹಾಗೇ ಆಗುತ್ತದೆ. ಪ್ರತಿ ಫೈಲಿನ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಕಳೆದುಹೋದರೆ ಮತ್ತೆ ಮಾಡಿಕೊಳ್ಳಲು ಏನು ಬೇಕು? ಕ್ಯಾಮೆರಾದ ಮೂಲ ಫುಟೇಜ್ ಹೋದರೆ ಹೋಯಿತು, ಮತ್ತೆ ಸಿಗದು. ಪ್ರಾಜೆಕ್ಟ್ ಫೈಲ್ ಹೋದರೆ ತಿಂಗಳುಗಟ್ಟಲೆ ಕೂತು ಮಾಡಿದ ಎಡಿಟಿಂಗ್ ಹೋಗುತ್ತದೆ. ಆದರೆ ಅದರ ಗಾತ್ರ ಸಾಮಾನ್ಯವಾಗಿ ಕೆಲವೇ ಎಂಬಿ. ಪ್ರಾಕ್ಸಿ ಎಂದರೆ ಎಡಿಟಿಂಗ್ ಹಗುರಾಗಲೆಂದು ಫುಟೇಜಿನಿಂದ ಮಾಡಿಕೊಳ್ಳುವ ಚಿಕ್ಕ ಗಾತ್ರದ ನಕಲು. ಅದು ಹೋದರೆ ರಾತ್ರಿ ಕಂಪ್ಯೂಟರನ್ನು ಕೆಲಸಕ್ಕೆ ಹಚ್ಚಿ ಮಲಗಿದರೆ ಬೆಳಗ್ಗೆ ಮತ್ತೆ ಸಿದ್ಧ. ಹಾಗಾಗಿ ದುಡ್ಡೆಲ್ಲ ಫುಟೇಜಿಗೆ, ಎಚ್ಚರವೆಲ್ಲ ಪ್ರಾಜೆಕ್ಟ್ ಫೈಲಿಗೆ. ಪ್ರಾಕ್ಸಿಗೆ ಬ್ಯಾಕಪ್ಪೇ ಬೇಡ.

ಮೊದಲು ಲೆಕ್ಕ ಹಾಕಿ

ಹಳೆಯ ಬಾವಿಯೊಂದರ ಹೂಳೆತ್ತುವ ಕೆಲಸದ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದೀರಿ ಎಂದುಕೊಳ್ಳಿ. ಎರಡು ಕ್ಯಾಮೆರಾ, ದಿನಕ್ಕೆ ತಲಾ ಎರಡು ಗಂಟೆಯ 4ಕೆ ಚಿತ್ರೀಕರಣ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಎಂಬಿ, ಅಂದರೆ ಗಂಟೆಗೆ 45 ಜಿಬಿ. ನಾಲ್ಕು ಗಂಟೆಗೆ 180 ಜಿಬಿ. ಧ್ವನಿ ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಎರಡು ಚಾನೆಲ್ಲಿನ 24 ಬಿಟ್ ವೇವ್ ಫೈಲ್ ಗಂಟೆಗೆ ಸುಮಾರು 1 ಜಿಬಿ. ಹತ್ತು ದಿನದ ಶೂಟಿಂಗ್ ಮುಗಿಯುವಷ್ಟರಲ್ಲಿ 1,800 ಜಿಬಿ ದಾಟಿರುತ್ತದೆ, 2 ಟಿಬಿ ಡಿಸ್ಕ್ ಬಹುಪಾಲು ತುಂಬಿರುತ್ತದೆ. ಹತ್ತು ದಿನಕ್ಕಿಂತ ಹೆಚ್ಚು ಶೂಟ್ ಮಾಡುವ ಅಂದಾಜಿದ್ದರೆ ಮೊದಲೇ 4 ಟಿಬಿಯ ಎರಡು ಡಿಸ್ಕ್ ಕೊಳ್ಳಿ.

ಇಲ್ಲಿ ಬೇಕಿರುವುದು ತಿರುಗುವ ಸಾದಾ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ವೇಗದ್ದು, ನಿಜ. ಆದರೆ ಅಷ್ಟೇ ಜಾಗಕ್ಕೆ ದುಬಾರಿ. ಜೊತೆಗೆ ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದರೊಳಗಿನ ದತ್ತಾಂಶ ಮಾಸುವ ಅಪಾಯವೂ ಇದೆ. ಎರಡೂ ಡಿಸ್ಕ್ ಬೇರೆ ಬೇರೆ ಕಂಪನಿಯದಾಗಿದ್ದರೆ ಒಳ್ಳೆಯದು, ಒಂದೇ ದೋಷ ಎರಡನ್ನೂ ಒಟ್ಟಿಗೆ ಕೆಡವುವ ಸಾಧ್ಯತೆ ಕಡಿಮೆಯಾಗುತ್ತದೆ.

ಕಾರ್ಡಿನಿಂದ ಡಿಸ್ಕಿಗೆ

ಕಾರ್ಡಿನಲ್ಲಿರುವ ವಿಡಿಯೊ ಫೈಲುಗಳನ್ನಷ್ಟೇ ಹೆಕ್ಕಿ ಎಳೆದು ಹಾಕಬೇಡಿ. ಇಡೀ ಕಾರ್ಡನ್ನು ಅದರ ಫೋಲ್ಡರುಗಳ ಸಮೇತ ನಕಲು ಮಾಡಿ. ಕೆಲವು ಕ್ಯಾಮೆರಾಗಳು ಉದ್ದದ ಶಾಟನ್ನು ಹಲವು ಫೈಲಾಗಿ ತುಂಡರಿಸುತ್ತವೆ. ಅವನ್ನು ಮತ್ತೆ ಜೋಡಿಸುವ ಮಾಹಿತಿ ಅಕ್ಕಪಕ್ಕದ ಸಣ್ಣ ಫೈಲುಗಳಲ್ಲಿರುತ್ತದೆ. ಎರಡನೇ ಡಿಸ್ಕಿಗೂ ಕಾರ್ಡಿನಿಂದಲೇ ನೇರವಾಗಿ ನಕಲು ಮಾಡಿ. ಮೊದಲ ಡಿಸ್ಕಿನಿಂದ ಮಾಡಿದರೆ ಅಲ್ಲಿ ಆದ ತಪ್ಪೂ ಜೊತೆಗೇ ಬರುತ್ತದೆ.

ನಕಲು ಮುಗಿಯಿತು ಎಂಬ ಸಂದೇಶ ಬಂದರೆ ಫೈಲು ಸರಿಯಾಗಿ ಬಂದಿದೆ ಎಂದೇನೂ ಅರ್ಥವಲ್ಲ. ಮೂಲವನ್ನೂ ನಕಲನ್ನೂ ಮತ್ತೆ ಓದಿ ಹೋಲಿಸಬೇಕು. ವಿಂಡೋಸಿನಲ್ಲಿ TeraCopy ಈ ಪರೀಕ್ಷೆ ಮಾಡುತ್ತದೆ. ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಟರ್ಮಿನಲ್ ತೆರೆದು ಎರಡು ಸಾಲು ಬರೆದರೆ ಸಾಕು. ಮೊದಲನೆಯದು ನಕಲಿಗೆ, ಎರಡನೆಯದು ಹೋಲಿಕೆಗೆ:

```
rsync -rtv CARD/ DISK1/20250308_A_001/
rsync -rnci CARD/ DISK1/20250308_A_001/
```

ಇಲ್ಲಿ `CARD` ಮತ್ತು `DISK1` ಇರುವ ಕಡೆ ನಿಮ್ಮ ಕಂಪ್ಯೂಟರಿನ ನಿಜವಾದ ಹಾದಿ ಬರೆಯಿರಿ. ಎರಡನೇ ಸಾಲು ಏನನ್ನೂ ನಕಲು ಮಾಡುವುದಿಲ್ಲ, ವ್ಯತ್ಯಾಸವಿರುವ ಫೈಲಿನ ಹೆಸರನ್ನಷ್ಟೇ ತೋರಿಸುತ್ತದೆ. ಪರದೆ ಖಾಲಿ ಉಳಿದರೆ ಎಲ್ಲ ಸರಿ. ಒಂದು ಸೂಕ್ಷ್ಮ ಉಂಟು: ಈಗಷ್ಟೇ ನಕಲಾದ ಫೈಲನ್ನು ಕಂಪ್ಯೂಟರು ಡಿಸ್ಕಿನಿಂದ ಓದದೆ ತನ್ನ ನೆನಪಿನಿಂದಲೇ ಎತ್ತಿಕೊಂಡು ಸರಿಯಿದೆ ಎಂದುಬಿಡಬಹುದು. ಅದಕ್ಕೇ ನಕಲಾದ ಮೇಲೆ ಡಿಸ್ಕನ್ನು ಇಜೆಕ್ಟ್ ಮಾಡಿ, ಮತ್ತೆ ಚುಚ್ಚಿ, ಆಮೇಲೆ ಹೋಲಿಸಿ. ವ್ಯತ್ಯಾಸ ಕಂಡರೆ ಮೊದಲು ಕೇಬಲ್ ಅಥವಾ ಕಾರ್ಡ್ ರೀಡರನ್ನು ಅನುಮಾನಿಸಿ. ಅದನ್ನು ಬದಲಿಸಿ, ಡಿಸ್ಕಿನಲ್ಲಿರುವ ಕೆಟ್ಟ ನಕಲನ್ನು ಅಳಿಸಿ, ಆ ಫೈಲನ್ನು ಕಾರ್ಡಿನಿಂದ ಮತ್ತೆ ನಕಲು ಮಾಡಿ.

ಎರಡೂ ಡಿಸ್ಕಿನ ಹೋಲಿಕೆ ಮುಗಿಯುವವರೆಗೆ ಕಾರ್ಡನ್ನು ಯಾರೂ ಮುಟ್ಟಕೂಡದು. ಆಮೇಲೆ ಫಾರ್ಮ್ಯಾಟ್ ಮಾಡುವುದಾದರೆ ಕ್ಯಾಮೆರಾದಲ್ಲೇ ಮಾಡಿ.

ಹೆಸರಿಡುವಾಗ

ಹಲವು ಕ್ಯಾಮೆರಾಗಳಲ್ಲಿ ಕಾರ್ಡ್ ಖಾಲಿಯಾದ ಕೂಡಲೇ ಎಣಿಕೆ ಮತ್ತೆ `C0001.MP4`ರಿಂದ ಶುರುವಾಗುತ್ತದೆ. ಹತ್ತು ದಿನ, ಎರಡು ಕ್ಯಾಮೆರಾ ಎಂದರೆ ಇಪ್ಪತ್ತು ಬೇರೆ ಬೇರೆ ಶಾಟಿಗೆ ಒಂದೇ ಹೆಸರು. ಫೈಲು ಕಳಚಿಕೊಂಡಾಗ ಮತ್ತೆ ಜೋಡಿಸಲು ಹೋದರೆ ಎಡಿಟಿಂಗ್ ತಂತ್ರಾಂಶ ತಪ್ಪು ಶಾಟನ್ನು ತಂದು ಕೂರಿಸಬಹುದು. ಸಂದರ್ಶನ ಇರಬೇಕಾದಲ್ಲಿ ಬಾವಿಯ ರಾಟೆ ಬಂದರೆ ಕಾರಣ ಇದೇ ಇರಬೇಕು. ಹಾಗಾಗಿ ಕ್ಯಾಮೆರಾದ ಮೆನುವಿನಲ್ಲಿ ಎಣಿಕೆ ಮುಂದುವರಿಯುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ. ಹೆಸರಿನ ಮೊದಲ ಅಕ್ಷರಗಳನ್ನು ಬದಲಿಸಲು ಬಂದರೆ ಎರಡು ಕ್ಯಾಮೆರಾಗಳಿಗೂ ಬೇರೆ ಬೇರೆ ಕೊಡಿ.

ಕ್ಲಿಪ್ಪಿನ ಹೆಸರನ್ನು ಕೈಯಾರೆ ಬದಲಿಸುವುದು ನನಗೆ ಹಿಡಿಸದ ಕೆಲಸ. ಪಕ್ಕದ ಮಾಹಿತಿ ಫೈಲಿನ ಹೆಸರು ಅದಕ್ಕೆ ಹೊಂದದೇ ಹೋಗುತ್ತದೆ, ಎರಡು ಡಿಸ್ಕಿನ ನಡುವೆ ತಾಳೆ ತಪ್ಪುತ್ತದೆ. ಗುರುತೆಲ್ಲ ಫೋಲ್ಡರಿನ ಹೆಸರಿನಲ್ಲೇ ಇರಲಿ:

```
BAAVI/
  01_FOOTAGE/
    20250308_A_001/
    20250308_B_001/
  02_AUDIO/
  03_PROJECT/
  04_PROXY/
  05_EXPORT/
```

ವರ್ಷ, ತಿಂಗಳು, ದಿನ ಈ ಕ್ರಮದಲ್ಲಿದ್ದರೆ ಫೋಲ್ಡರುಗಳು ತಾವೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ನಂತರದ ಅಕ್ಷರ ಕ್ಯಾಮೆರಾ, ಕೊನೆಯದು ಆ ದಿನದ ಎಷ್ಟನೇ ಕಾರ್ಡ್ ಎಂಬ ಸಂಖ್ಯೆ. ಹೆಸರಿನ ನಡುವೆ ಖಾಲಿ ಜಾಗ, ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಬೇಡ. ಎಡಿಟಿಂಗ್ ಶುರುವಾದ ಮೇಲೆ ಈ ಹೆಸರುಗಳನ್ನು ಬದಲಿಸುವ ಮಾತೇ ಇಲ್ಲ.

ಪ್ರಾಕ್ಸಿ ಮತ್ತು ಪ್ರಾಜೆಕ್ಟ್

720ಪಿ ಗಾತ್ರದಲ್ಲಿ, ಸೆಕೆಂಡಿಗೆ 7 ಮೆಗಾಬಿಟ್ ಇಟ್ಟು ಪ್ರಾಕ್ಸಿ ಮಾಡಿದರೆ ಗಂಟೆಗೆ 3 ಜಿಬಿ ಚಿಲ್ಲರೆ. ದಿನದ 180 ಜಿಬಿ ಫುಟೇಜು 13 ಜಿಬಿಯೊಳಗೆ ಬರುತ್ತದೆ, ಹತ್ತು ದಿನದ್ದು ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಯಲ್ಲೇ ಹಿಡಿಸುತ್ತದೆ. ಆಗ ನಿತ್ಯದ ಎಡಿಟಿಂಗಿಗೆ ಹಾರ್ಡ್ ಡಿಸ್ಕ್ ಬೇಕಿಲ್ಲ. ಬಣ್ಣ ತಿದ್ದುವಾಗ, ಕೊನೆಯ ರೆಂಡರಿನಲ್ಲಿ ಚುಚ್ಚಿದರಾಯಿತು. ಎರಡನೇ ಡಿಸ್ಕ್ ಬೇರೆ ಮನೆಯಲ್ಲಿರಲಿ. ಒಂದೇ ಬ್ಯಾಗಿನಲ್ಲಿರುವ ಎರಡು ಡಿಸ್ಕು ಒಟ್ಟಿಗೇ ಕಳುವಾಗುತ್ತವೆ.

ಪ್ರಾಜೆಕ್ಟ್ ಫೈಲಿನ ವಿಷಯದಲ್ಲಿ DaVinci Resolve ಬಳಸುವವರು ಹೆಚ್ಚು ಹುಷಾರಾಗಿರಬೇಕು. ಅದರಲ್ಲಿ ಪ್ರಾಜೆಕ್ಟ್ ಎಂಬುದು ನಿಮ್ಮ ಫೋಲ್ಡರಿನಲ್ಲಿ ಕಾಣುವ ಫೈಲಲ್ಲ. ತಂತ್ರಾಂಶದ ಡೇಟಾಬೇಸಿನೊಳಗೆ ಕೂತಿರುತ್ತದೆ. ಇಡೀ `BAAVI` ಫೋಲ್ಡರನ್ನು ಬ್ಯಾಕಪ್ ಮಾಡಿದರೂ ಎಡಿಟಿಂಗ್ ಅದರಲ್ಲಿ ಇರುವುದಿಲ್ಲ. ದಿನದ ಕೊನೆಗೆ ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿ `.drp` ಫೈಲ್ ತೆಗೆದು `BAAVI_20250402_v07.drp` ಎಂದು ಹೆಸರಿಡಿ. ಹಳೆಯದರ ಮೇಲೆ ಬರೆಯಬೇಡಿ. ಫೈಲು ಹಾಳಾದ ದಿನ ನಿನ್ನೆಯದೋ ಮೊನ್ನೆಯದೋ ಬೇಕಾಗುತ್ತದೆ. Premiere Pro ಬಳಸುವವರಿಗೆ `.prproj` ಫೈಲ್ ಕಣ್ಣಿಗೆ ಕಾಣುತ್ತದೆ, ಹೆಸರಿನ ಕ್ರಮ ಅದೇ. ಇಷ್ಟು ಸಣ್ಣ ಫೈಲಿಗೆ ಉಚಿತ ಆನ್‌ಲೈನ್ ಸಂಗ್ರಹವೇ ಸಾಕು. ಜಾಗ ಉಳಿದಿದ್ದರೆ ಧ್ವನಿ ಫೈಲುಗಳನ್ನೂ ಅಲ್ಲಿಗೆ ಸೇರಿಸಬಹುದು.

ಆನ್‌ಲೈನ್ ಸಿಂಕನ್ನೇ ಬ್ಯಾಕಪ್ ಎಂದು ನಂಬಿ ಕೂರಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಕಸದ ಬುಟ್ಟಿಯ ಗಡುವು ಮುಗಿದ ಮೇಲೆ ಸಿಗದು.

ಎಡಿಟಿಂಗ್ ಅರ್ಧ ಆದಾಗ ಒಮ್ಮೆ ಪರೀಕ್ಷಿಸಿ. ಎರಡನೇ ಡಿಸ್ಕನ್ನು ತರಿಸಿ, ಗೆಳೆಯರ ಕಂಪ್ಯೂಟರಿಗೆ ಚುಚ್ಚಿ, ಆನ್‌ಲೈನಿನಿಂದ ಇಳಿಸಿಕೊಂಡ ಪ್ರಾಜೆಕ್ಟನ್ನು ತೆರೆಯಿರಿ. ಫುಟೇಜಿನ ಹೊಸ ಜಾಗ ತೋರಿಸಿದ ಮೇಲೆ ಟೈಮ್‌ಲೈನಿನಲ್ಲಿ ಕೆಂಪು ಬಣ್ಣದ ಒಂದು ಕ್ಲಿಪ್ ಉಳಿದರೂ, ಆ ಫೈಲು ಎಲ್ಲಿ ತಪ್ಪಿಸಿಕೊಂಡಿತು ಎಂದು ಮೊದಲ ಡಿಸ್ಕ್ ಇನ್ನೂ ಸುಸ್ಥಿತಿಯಲ್ಲಿರುವಾಗಲೇ ಹುಡುಕಿಕೊಳ್ಳಿ.